ತಾರೀಖು ಬಿದ್ದ ಕಾಗದ

ನಮ್ಮ ಚಿಕ್ಕಪ್ಪನ ಬ್ಯಾಂಕ್ ಖಾತೆ ನಂಜನಗೂಡಿನಲ್ಲಿ, ಗದ್ದೆ ಟಿ. ನರಸೀಪುರದ ಹತ್ತಿರ. 2023ರ ಆಗಸ್ಟ್ 7, ಸೋಮವಾರ, ನಾಟಿ ಆಳುಗಳಿಗೆ ಕೂಲಿ ಕೊಡೋಕೆ ಅಂತ ಟಿ. ನರಸೀಪುರದ ಒಂದು ಎಟಿಎಂಗೆ ಹೋದರು. ಅದು ಬೇರೆ ಬ್ಯಾಂಕಿನ ಎಟಿಎಂ. ಹತ್ತು ಸಾವಿರ ಒತ್ತಿದರು. ಯಂತ್ರ ಗರಗರ ಅಂತು, ಚೀಟಿ ಬಂತು, ಖಾತೆಯಿಂದ 10,000 ರೂಪಾಯಿ ಕಡಿತವಾಗಿದೆ ಅಂತ ಮೊಬೈಲಿಗೆ ಮೆಸೇಜೂ ಬಂತು. ನೋಟು ಮಾತ್ರ ಬರಲಿಲ್ಲ. ಅವತ್ತಿನ ಕೂಲಿಗೆ ಪಕ್ಕದ ಗದ್ದೆಯವರ ಹತ್ತಿರ ಕೈಸಾಲ ಮಾಡಿದರು.

ಮಾರನೇ ದಿನ ನಂಜನಗೂಡಿನ ಬ್ರಾಂಚಿಗೆ ಹೋದರೆ, "ಎರಡು ದಿನ ನೋಡಿ ಯಜಮಾನ್ರೇ, ತಾನಾಗೇ ಬರುತ್ತೆ" ಅಂದರು. ನಾಲ್ಕು ದಿನ ಬಿಟ್ಟು ಹೋದರೆ, "ಎಟಿಎಂ ನಮ್ಮದಲ್ವಲ್ಲ, ಅವರನ್ನೇ ಕೇಳಿ" ಅಂದರು. ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದರೆ, "ಕಾರ್ಡು ಯಾರು ಕೊಟ್ಟಿದ್ದಾರೋ ಅವರನ್ನ ಕೇಳಿ" ಅಂದರು. ಹೀಗೆ ಮೂರು ವಾರ ಕಳೆಯಿತು. ನಾನು ಬೆಂಗಳೂರಿಂದ ಫೋನು ಮಾಡಿದಾಗ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಆರು ಸಲ ಹೋಗಿ ಬಂದೆ ಕಣಪ್ಪ. ಇನ್ನೇನು ಮಾಡೋದು?"

ಆ ಆರು ಸಲದ್ದೂ ಲೆಕ್ಕಕ್ಕೆ ಇರಲಿಲ್ಲ. ಬ್ಯಾಂಕಿನ ಮೇಲೆ ಯಾರಿಗೆ ದೂರು ಕೊಡಬೇಕು ಅಂತ ನಾವೆಲ್ಲ ಕೇಳುತ್ತೇವೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ದೂರಿನ ಗಡಿಯಾರ ಯಾವತ್ತು ಶುರುವಾಯಿತು ಅನ್ನೋದು. ಕೌಂಟರಿನ ಮುಂದೆ ನಿಂತು ಆಡಿದ ಮಾತಿಗೆ ಆ ಗಡಿಯಾರ ಓಡುವುದಿಲ್ಲ. ಬರವಣಿಗೆಯಲ್ಲಿ ದೂರು ಕೊಟ್ಟು, ಅದು ಬ್ಯಾಂಕಿಗೆ ತಲುಪಿದ್ದಕ್ಕೆ ಪುರಾವೆ ಇದ್ದರೆ ಮಾತ್ರ ಓಡುತ್ತದೆ. ಅಲ್ಲಿಂದ 30 ದಿನ ಬ್ಯಾಂಕಿಗೆ ಸೇರಿದ್ದು. ಅಷ್ಟರೊಳಗೆ ಉತ್ತರ ಬರಲಿಲ್ಲ, ಇಲ್ಲವೇ ಬಂದ ಉತ್ತರ ಸಮಾಧಾನ ತರಲಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತದೆ.

ಎರಡು ಊರಿನ ನಡುವೆ ಓಡಾಡಿಸಿದ ಪ್ರಶ್ನೆಗೂ ನೇರ ಉತ್ತರ ಇದೆ. ಯಾವ ಬ್ಯಾಂಕಿನ ಎಟಿಎಂ ಆದರೂ ಸರಿ, ದೂರು ಕೊಡಬೇಕಾದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ. ಎಟಿಎಂ ಇಟ್ಟ ಬ್ಯಾಂಕಿನ ಜೊತೆ ವ್ಯವಹಾರ ಬಗೆಹರಿಸಿಕೊಳ್ಳುವುದು ಆ ಬ್ಯಾಂಕಿನ ಕೆಲಸ, ಖಾತೆದಾರನದ್ದಲ್ಲ. ಹಾಗಾಗಿ ಟಿ. ನರಸೀಪುರದವರು ಹೇಳಿದ್ದೇ ಸರಿ, ನಂಜನಗೂಡಿನವರು ಹೇಳಿದ್ದು ತಪ್ಪು.

ಇನ್ನೊಂದು ನಿಯಮ ಚಿಕ್ಕಪ್ಪನ ಪರವಾಗಿತ್ತು. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಎಟಿಎಂ ನೋಟು ಕೊಡದೆ ಖಾತೆಯಿಂದ ಹಣ ಕಡಿತವಾಗಿದ್ದರೆ, ವ್ಯವಹಾರ ನಡೆದ ದಿನದಿಂದ ಐದು ದಿನದೊಳಗೆ ಅದು ವಾಪಸ್ ಬೀಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ಪರಿಹಾರವನ್ನು ಗ್ರಾಹಕ ಕೇಳಲಿ ಬಿಡಲಿ, ಬ್ಯಾಂಕು ತಾನಾಗೇ ಖಾತೆಗೆ ಹಾಕಬೇಕು. ಲೆಕ್ಕ ಕ್ಯಾಲೆಂಡರ್ ದಿನದ್ದು. ಭಾನುವಾರ, ರಜೆ ಅಂತ ಬಿಡುವ ಹಾಗಿಲ್ಲ. ಅಂದರೆ ಗಡುವು ಆಗಸ್ಟ್ 12ಕ್ಕೇ ಮುಗಿದಿತ್ತು.

ಆಗಸ್ಟ್ 28ರಂದು ನಾನು ಊರಿಗೆ ಹೋಗಿ ಚಿಕ್ಕಪ್ಪನ ಜೊತೆ ಕೂತು ಅರ್ಧ ಪುಟದ ಪತ್ರ ಬರೆದೆ. ಖಾತೆ ಸಂಖ್ಯೆ, ದಿನಾಂಕ, ಸಮಯ, ಮೊತ್ತ, ಎಟಿಎಂ ಇದ್ದ ಜಾಗ, ಚೀಟಿಯ ಮೇಲಿದ್ದ ಎಟಿಎಂ ನಂಬರು ಮತ್ತು ವ್ಯವಹಾರದ ನಂಬರು. ಆಮೇಲೆ ಎರಡು ಬೇಡಿಕೆ: 10,000 ವಾಪಸ್ ಹಾಕಿ, ಆಗಸ್ಟ್ 13ರಿಂದ ದಿನಕ್ಕೆ 100ರಂತೆ ಪರಿಹಾರ ಕೊಡಿ. ಕೊನೆಗೆ ಒಂದು ವಾಕ್ಯ: "ಹಣ ವಿತರಣೆಯಾಗಿದೆ ಎಂದು ತಾವು ಹೇಳುವುದಾದರೆ, ಆ ದಿನದ ಎಟಿಎಂ ಜರ್ನಲ್, ನಗದು ತಾಳೆಯ ವರದಿ ಮತ್ತು ಸಿಸಿಟಿವಿ ದೃಶ್ಯವನ್ನು ಕಾಯ್ದಿರಿಸಿ ಒದಗಿಸಬೇಕಾಗಿ ವಿನಂತಿ."

ಈ ಕೊನೆಯ ವಾಕ್ಯ ಯಾಕೆ ಅಂದರೆ, ಇಂಥ ದೂರಿಗೆ ಸಾಮಾನ್ಯವಾಗಿ ಬರುವ ಉತ್ತರ "ವ್ಯವಹಾರ ಯಶಸ್ವಿಯಾಗಿದೆ" ಅನ್ನೋದು. ಎಟಿಎಂ ತನ್ನೊಳಗೆ ಪ್ರತಿ ವ್ಯವಹಾರದ ದಾಖಲೆ ಬರೆದುಕೊಳ್ಳುತ್ತೆ, ಅದೇ ಜರ್ನಲ್. ನೋಟು ಹೊರಗೆ ಹೋಗದಿದ್ದರೆ, ಪೆಟ್ಟಿಗೆ ಎಣಿಸಿದಾಗ ಅಷ್ಟು ಹಣ ಹೆಚ್ಚುವರಿಯಾಗಿ ಸಿಗಬೇಕು. ಅದು ತಾಳೆಯ ವರದಿಯಲ್ಲಿ ಕಾಣುತ್ತೆ. ಸಿಸಿಟಿವಿ ದೃಶ್ಯ ಶಾಶ್ವತವಾಗಿ ಉಳಿಯುವುದಿಲ್ಲ, ಹಾಗಾಗಿ ಮೊದಲ ಪತ್ರದಲ್ಲೇ ಕೇಳಿಬಿಡಬೇಕು.

ಪತ್ರದ ಎರಡು ಪ್ರತಿ ಮಾಡಿದೆವು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಕೌಂಟರಿನವರು, "ಸೀಲೆಲ್ಲ ಹಾಕಲ್ಲ ಸಾರ್, ಇಟ್ಟು ಹೋಗಿ" ಅಂದರು. ನಾವು ಜಗಳಕ್ಕೆ ಹೋಗಲಿಲ್ಲ. ನಂಜನಗೂಡಿನ ಅಂಚೆ ಕಚೇರಿಗೆ ಹೋಗಿ ಅದೇ ಬ್ರಾಂಚಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆವು. ಅವತ್ತೇ ಬ್ಯಾಂಕಿನ ವೆಬ್‌ಸೈಟಿನ ದೂರು ಪುಟದಲ್ಲೂ ಅದನ್ನೇ ತುಂಬಿದೆವು. ತಕ್ಷಣ ದೂರಿನ ನಂಬರು ಬಂತು. ಅದರ ಸ್ಕ್ರೀನ್‌ಶಾಟೇ ನಮ್ಮ ತಾರೀಖು ಬಿದ್ದ ಕಾಗದ.

ಬ್ಯಾಂಕಿನ ಒಳಗೇ ಮೆಟ್ಟಿಲುಗಳಿವೆ. ಬ್ರಾಂಚಿನ ಮೇಲೆ ಪ್ರಾದೇಶಿಕ ಕಚೇರಿ, ಅದರ ಮೇಲೆ ಪ್ರಧಾನ ನೋಡಲ್ ಅಧಿಕಾರಿ. ಈ ಅಧಿಕಾರಿಯ ಹೆಸರು, ಇಮೇಲ್ ಬ್ಯಾಂಕಿನ ವೆಬ್‌ಸೈಟಲ್ಲಿ ಇರುತ್ತದೆ, ಬ್ರಾಂಚಿನ ಗೋಡೆಯ ಮೇಲೂ ಇರಬೇಕು. ಹತ್ತು ದಿನ ಕಾದು ನಾವು ಅವರಿಗೂ ಬರೆದೆವು, ಹಳೆಯ ದೂರಿನ ನಂಬರನ್ನೇ ಮೇಲೆ ಹಾಕಿ. ಇಲ್ಲಿ ಅನೇಕರಿಗೆ ಒಂದು ಗೊಂದಲ. ಪ್ರತಿ ಮೆಟ್ಟಿಲಿಗೂ ಬೇರೆ ಬೇರೆ 30 ದಿನ ಕಾಯಬೇಕಾ? ಬೇಡ. ಮೊದಲ ಲಿಖಿತ ದೂರಿನ ತಾರೀಖಿನಿಂದಲೇ ಎಣಿಕೆ. ಮೇಲಿನವರಿಗೆ ಬರೆದರೆ ಕೆಲಸ ಬೇಗ ಆಗಬಹುದು, ಆದರೆ ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಅಂತಲೂ ಒಬ್ಬರಿರುತ್ತಾರೆ. ಅವರ ಹತ್ತಿರ ನಾವು ಹೋಗುವ ಹಾಗಿಲ್ಲ. ದೂರನ್ನು ತಳ್ಳಿಹಾಕುವ ಮುಂಚೆ ಬ್ಯಾಂಕೇ ಅವರಿಗೆ ಒಪ್ಪಿಸಬೇಕು.

30 ದಿನ ಸೆಪ್ಟೆಂಬರ್ 27ಕ್ಕೆ ತುಂಬಿತು. ಉತ್ತರ ಇಲ್ಲ. 29ರಂದು cms.rbi.org.in ತೆರೆದೆವು.

1995ರಲ್ಲಿ ಶುರುವಾದ ಈ ಒಂಬುಡ್ಸ್‌ಮನ್ ವ್ಯವಸ್ಥೆಯಲ್ಲಿ ಮೊದಲು ಪ್ರದೇಶಕ್ಕೊಂದು ಕಚೇರಿ ಹುಡುಕಬೇಕಿತ್ತು. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ಯೋಜನೆ. ನಂಜನಗೂಡಿನ ದೂರಾದರೂ ಗುವಾಹಟಿಯ ದೂರಾದರೂ ಅದೇ ಪೋರ್ಟಲ್. ಇಂಟರ್ನೆಟ್ ಬೇಡ ಅನ್ನುವವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಇಲ್ಲವೇ crpc@rbi.org.inಗೆ ಮೇಲ್ ಮಾಡಬಹುದು. ಕನ್ನಡದಲ್ಲೇ ಬರೆದರೂ ತೆಗೆದುಕೊಳ್ಳುತ್ತಾರೆ. ಮಾಹಿತಿ ಬೇಕಿದ್ದರೆ 14448 ಅನ್ನುವ ಉಚಿತ ಸಂಖ್ಯೆ ಇದೆ. ಎಲ್ಲೂ ಒಂದು ಪೈಸೆ ಶುಲ್ಕ ಇಲ್ಲ.

ಪೋರ್ಟಲ್ ಮೊದಲಿಗೆ ಮೊಬೈಲಿಗೆ ಓಟಿಪಿ ಕಳಿಸುತ್ತೆ, ಆಮೇಲೆ ಒಂದಷ್ಟು ಪ್ರಶ್ನೆ ಕೇಳುತ್ತೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿದ್ದೀರಾ? ಯಾವತ್ತು? ಉತ್ತರ ಬಂತಾ? ಇದೇ ವಿಷಯ ಕೋರ್ಟಿನಲ್ಲಿ ಇದೆಯಾ? ವಕೀಲರ ಮೂಲಕ ಕೊಡುತ್ತಿದ್ದೀರಾ? ಈ ಪ್ರಶ್ನೆಗಳನ್ನು ಸುಮ್ಮನೆ ದಾಟಿ ಹೋಗಬೇಡಿ, ಎಷ್ಟೋ ದೂರು ಬೀಳುವುದು ಇಲ್ಲೇ. ಬ್ಯಾಂಕಿಗೆ ಮೊದಲು ಬರೆಯದಿದ್ದರೆ, 30 ದಿನ ತುಂಬದಿದ್ದರೆ, ಅದೇ ವಿಷಯ ಗ್ರಾಹಕರ ನ್ಯಾಯಾಲಯದಲ್ಲಿ ಇದ್ದರೆ ದೂರು ನಿಲ್ಲುವುದಿಲ್ಲ. ವಕೀಲರು ತಮ್ಮ ಸ್ವಂತ ದೂರನ್ನು ಮಾತ್ರ ಕೊಡಬಹುದು, ಇನ್ನೊಬ್ಬರ ಪರವಾಗಿ ಅಲ್ಲ. ಆದರೆ ಮನೆಯವರು ಕೊಡಬಹುದು. ಚಿಕ್ಕಪ್ಪ ಸಹಿ ಮಾಡಿದ ಅಧಿಕಾರ ಪತ್ರ ಇಟ್ಟುಕೊಂಡು ನಾನೇ ಅವರ ಪ್ರತಿನಿಧಿಯಾದೆ. ಪತ್ರದ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ, ಸ್ಕ್ರೀನ್‌ಶಾಟ್, ಎಟಿಎಂ ಚೀಟಿ, ಪಾಸ್‌ಬುಕ್ಕಿನ ಆ ಪುಟ ಸೇರಿಸಿ ಕಳಿಸಿದೆವು.

ಆಮೇಲೆ ನಡೆದದ್ದು ನೋಡಿ. ಎರಡು ತಿಂಗಳು ಮಾತಾಡದಿದ್ದ ಬ್ರಾಂಚಿನಿಂದ ಚಿಕ್ಕಪ್ಪನಿಗೆ ಫೋನು ಬಂತು. ಅಕ್ಟೋಬರ್ 12ಕ್ಕೆ 10,000 ಖಾತೆಗೆ ಬಿತ್ತು. ಹಿಂದೆಯೇ ಇನ್ನೊಂದು ಫೋನು: "ದುಡ್ಡು ಬಂತಲ್ಲ ಯಜಮಾನ್ರೇ, ದೂರು ವಾಪಸ್ ತಗೊಂಡುಬಿಡಿ. ಒಂದು ಸಹಿ ಅಷ್ಟೇ." ಚಿಕ್ಕಪ್ಪನಿಗೂ ಇನ್ನು ಸಾಕಪ್ಪ ಅನ್ನಿಸಿತ್ತು.

ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕು. ದೂರುದಾರ ತೃಪ್ತಿಯಾಗಿದೆ ಅಂತ ಬರೆದುಕೊಟ್ಟರೆ ದೂರು ಅಲ್ಲಿಗೆ ಮುಗಿಯುತ್ತೆ. ನಮ್ಮ ಬೇಡಿಕೆಯ ಎರಡನೇ ಭಾಗ ಇನ್ನೂ ಬಾಕಿ ಇತ್ತು. ಆಗಸ್ಟ್ 13ರಿಂದ ಅಕ್ಟೋಬರ್ 12ರವರೆಗೆ 61 ದಿನ, ದಿನಕ್ಕೆ 100ರಂತೆ 6,100 ರೂಪಾಯಿ. ನಾವು ಸಹಿ ಮಾಡಲಿಲ್ಲ. ಅಸಲು ಬಂದಿದೆ, ಪರಿಹಾರ ಬಂದಿಲ್ಲ ಅಂತ ದಿನದ ಲೆಕ್ಕ ಹಾಕಿ, ಸುತ್ತೋಲೆಯ ತಾರೀಖು ಬರೆದು, ದೂರಿನ ಕಡತಕ್ಕೆ ಸೇರಿಸುವಂತೆ ಕಳಿಸಿದೆವು. ಎಂಟು ದಿನಕ್ಕೆ 6,100 ಕೂಡ ಬಿತ್ತು. ಅವತ್ತು ಒಪ್ಪಿಗೆ ಕೊಟ್ಟೆವು.

ಎಲ್ಲ ದೂರೂ ಹೀಗೆ ಮುಗಿಯುವುದಿಲ್ಲ. ಒಂಬುಡ್ಸ್‌ಮನ್ ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ತೀರ್ಪು ಕೊಡುತ್ತಾರೆ. ತೀರ್ಪು ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ರಿಸರ್ವ್ ಬ್ಯಾಂಕಿನಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಸಾಲ ಯಾಕೆ ಕೊಡಲಿಲ್ಲ ಅನ್ನುವಂಥ ದೂರು ಇಲ್ಲಿ ನಡೆಯುವುದಿಲ್ಲ, ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ. ನಮ್ಮ ಕಡೆ ಎಷ್ಟೋ ಜನರ ವ್ಯವಹಾರ ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿರುತ್ತದೆ. ಅದು ಬ್ಯಾಂಕ್ ಅಲ್ಲ, ಆ ದೂರು ಸಹಕಾರ ಇಲಾಖೆಗೆ ಹೋಗಬೇಕು.

ಇನ್ನೊಂದು ಗಡುವು ಮರೆಯಬಾರದ್ದು. ನಾವು ಹೋದ 2021ರ ಯೋಜನೆಯಲ್ಲಿ, ಬ್ಯಾಂಕಿನ ಉತ್ತರ ಬಂದ ಮೇಲೆ ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಹತ್ತಿರ ಹೋಗಬೇಕಿತ್ತು. ಉತ್ತರವೇ ಬರದಿದ್ದರೆ, ದೂರು ಕೊಟ್ಟ ದಿನದಿಂದ ಒಂದು ವರ್ಷ ಮತ್ತು 30 ದಿನ. ರಿಸರ್ವ್ ಬ್ಯಾಂಕ್ ಈ ಯೋಜನೆಯನ್ನು ಆಗಾಗ ತಿದ್ದುತ್ತದೆ, ಆದ್ದರಿಂದ ಸಲ್ಲಿಸುವ ದಿನ ಪೋರ್ಟಲ್‌ನಲ್ಲಿ ಗಡುವನ್ನು ಒಮ್ಮೆ ನೋಡಿಕೊಳ್ಳಿ. ಊರಿಂದ ಅಪ್ಪನೋ ಅತ್ತೆಯೋ ಫೋನಿನಲ್ಲಿ "ಬ್ಯಾಂಕಿಗೆ ಹೇಳಿದ್ದೀನಿ, ನೋಡ್ತೀವಿ ಅಂದಿದ್ದಾರೆ" ಅಂದರೆ, ಬರೆದುಕೊಟ್ಟಿದ್ದೀರಾ, ತಾರೀಖು ಎಷ್ಟು ಅಂತ ಕೇಳಿ. ಇಲ್ಲ ಅಂದರೆ ಅವತ್ತೇ ಬರೆಸಿ.