ಕೊನೆಯ ಕಾರ್ಡು ತೀರ್ಪಲ್ಲ

ಟ್ಯಾರೋ ಎಂದರೆ ಎಪ್ಪತ್ತೆಂಟು ಚಿತ್ರಗಳ ಒಂದು ಕಟ್ಟು. ಹದಿನೈದನೆಯ ಶತಮಾನದ ಇಟಲಿಯಲ್ಲಿ ಅದು ಬರೀ ಇಸ್ಪೀಟಿನಂಥ ಆಟ. ಶಕುನ ನೋಡುವ ಪದ್ಧತಿ ಎಷ್ಟೋ ಕಾಲದ ನಂತರ ಬಂತು. ನನ್ನ ಹತ್ತಿರ ಇರುವುದು 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳ ಕಟ್ಟು. ಊರಿನ ಹುಡುಗಿಯರು ಬಂದು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಅಕ್ಕಾ, ಕೊನೆಗೆ ಏನಾಗ್ತದೆ?"

ಪ್ರೀತಿಯ ಪ್ರಶ್ನೆಗೆ ನಾನು ಐದು ಕಾರ್ಡು ಇಡುತ್ತೇನೆ. ಮೊದಲನೆಯದು ಕೇಳುವವಳು, ಎರಡನೆಯದು ಅವನು, ಮೂರನೆಯದು ಇಬ್ಬರ ನಡುವಿನದ್ದು, ನಾಲ್ಕನೆಯದು ಅಡ್ಡಿ, ಐದನೆಯದು ಫಲ. ಎಲ್ಲರ ಕಣ್ಣೂ ಐದನೆಯದರ ಮೇಲೆಯೇ. ಆದರೆ ಅದನ್ನು ಒಂದನ್ನೇ ಎತ್ತಿ ಓದಬಾರದು. ಯಾವುದೇ ಒಂದು ಕಾರ್ಡು ಆ ಜಾಗಕ್ಕೆ ಬರುವುದು ಎಪ್ಪತ್ತೆಂಟರಲ್ಲಿ ಒಂದು ಪಾಲಿನ ಸಂಗತಿ. ಅಷ್ಟರ ಮೇಲೆ ಒಬ್ಬರ ಬಾಳಿನ ತೀರ್ಪು ಕೊಡಲಿಕ್ಕೆ ಆಗುವುದಿಲ್ಲ.

ಒಬ್ಬಳ ಕಾರ್ಡುಗಳು ಹೀಗೆ ಬಿದ್ದಿದ್ದವು. ಅವಳ ಜಾಗದಲ್ಲಿ ಬಟ್ಟಲಿನ ರಾಣಿ. ಆ ರಾಣಿಯ ಕೈಯಲ್ಲಿರುವ ಬಟ್ಟಲಿಗೆ ಮುಚ್ಚಳ ಇದೆ. ಅವನ ಜಾಗದಲ್ಲಿ ನಾಣ್ಯದ ಸವಾರ. ಅವನ ಕುದುರೆ ನಿಂತಲ್ಲೇ ನಿಂತಿದೆ. ನಡುವೆ ಎರಡು ಬಟ್ಟಲು, ಅಂದರೆ ಇಬ್ಬರಿಗೂ ಮನಸ್ಸಿದೆ. ಅಡ್ಡಿಯಲ್ಲಿ ಎಂಟು ಕತ್ತಿ: ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು, ಆದರೆ ಕಾಲು ಕಟ್ಟಿಲ್ಲ. ಫಲದಲ್ಲಿ ಐದು ಬಟ್ಟಲು: ಮೂರು ಚೆಲ್ಲಿವೆ, ಕಪ್ಪು ಹೊದ್ದವನು ಅದನ್ನೇ ನೋಡುತ್ತಿದ್ದಾನೆ.

ಅವಳ ಮುಖ ಬಾಡಿತು. "ಅವ ಬಿಟ್ಟು ಹೋಗ್ತಾನೆ ಅಂತಲಾ?"

"ಮದುವೆ ಮಾತು ಯಾರು ತೆಗೆದದ್ದು?" ಕೇಳಿದೆ.

"ಯಾರೂ ಇಲ್ಲ. ಅವನೇ ಹೇಳ್ಲಿ ಅಂತ ನಾನು ಸುಮ್ಮನಿದ್ದೇನೆ."

ಮುಚ್ಚಿದ ಬಟ್ಟಲು, ನಿಂತ ಕುದುರೆ, ಕಟ್ಟಿದ ಕಣ್ಣು ಮೂರೂ ಆ ಮೌನದ ಕಡೆಗೇ ಕೈ ತೋರಿಸುತ್ತವೆ. ಆದ್ದರಿಂದ ಐದನೆಯ ಕಾರ್ಡಿನ ಅರ್ಥ "ಹೀಗೇ ಸುಮ್ಮನಿದ್ದರೆ ಹೀಗಾದೀತು" ಎಂದಷ್ಟೇ. ಆಟಿಯ ಮಳೆಗೆ ಅಡಿಕೆಗೆ ಮದ್ದು ಬಿಡದಿದ್ದರೆ ಕೊಳೆರೋಗ ಬಂದೀತು ಅನ್ನುತ್ತೇವಲ್ಲ, ಅದರ ಹಾಗೆ. ಮದ್ದು ಬಿಡಬೇಕಾದ ಜಾಗ ನಾಲ್ಕನೆಯ ಕಾರ್ಡು. ಐದನೆಯದರಲ್ಲೂ ಹಿಂದೆ ಎರಡು ಬಟ್ಟಲು ನಿಂತೇ ಇವೆ, ಹೊಳೆಗೆ ಸೇತುವೆಯೂ ಇದೆ.

ಇದಕ್ಕೊಂದು ಮಿತಿ ಇದೆ. ಬದಲಿಸಲಿಕ್ಕೆ ಅವಳಿಗೆ ಸಾಧ್ಯ ಇರುವುದು ತನ್ನ ಪಾಲನ್ನು ಮಾತ್ರ. ಅವಳು ಬಾಯಿಬಿಟ್ಟು ಕೇಳಬಹುದು. ಅವನ ಉತ್ತರ ಅವನದ್ದು, ಅದು ಕಾರ್ಡಿನಲ್ಲಿಲ್ಲ. ಫಲದ ಕಾರ್ಡು ಉಳಿದ ನಾಲ್ಕಕ್ಕೆ ಎಲ್ಲಿಯೂ ತಾಗದಿದ್ದರೆ "ಇದರಿಂದ ಏನೂ ತಿಳಿಯುವುದಿಲ್ಲ" ಎಂದು ಹೇಳಿಬಿಡುವುದೇ ಸರಿ.

ಇನ್ನೊಂದು, ಒಳ್ಳೆಯ ಕಾರ್ಡು ಬರುವವರೆಗೆ ಅದೇ ದಿನ ಮತ್ತೆ ಮತ್ತೆ ಎಳೆಯುವ ಚಾಳಿ. ಫಲವನ್ನು ತೀರ್ಪು ಎಂದು ನಂಬಿದವರೇ ಹಾಗೆ ಮಾಡುವುದು. ಅವಳಿಗೆ ಐದೂ ಕಾರ್ಡನ್ನು ತಾರೀಕು ಹಾಕಿ ಬರೆದಿಡಲು ಹೇಳಿದೆ. ಮಾತಾಡಿದ ಮೇಲೆ, ಮೂರು ತಿಂಗಳು ಕಳೆದು ಬಂದರೆ ಮತ್ತೆ ಇಡುವ ಎಂದೆ. ಅಷ್ಟರಲ್ಲಿ ಏನೂ ಬದಲಾಗದಿದ್ದರೆ ಹೊಸ ಕಾರ್ಡಿನ ಅಗತ್ಯವೇ ಇಲ್ಲ, ಹಳೆಯ ಚೀಟಿ ಓದಿದರೆ ಸಾಕು.