‘ಹೊರಟಿದೆ’ ಎಂದರೆ ಎಲ್ಲಿಂದ?

ಸ್ಪೀಡ್ ಪೋಸ್ಟ್ ಕಳಿಸಿ, ಅದರ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದವರಿಗೆ Item Bagged ಎಂಬ ಮಾತು ಗೊತ್ತಿರುತ್ತದೆ. ಒಂದೇ ದಿಕ್ಕಿಗೆ ಹೋಗುವ ಲಕೋಟೆಗಳನ್ನು ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು ಎಂದು ಅದರ ಅರ್ಥ. ಅಂಚೆಯ ಒಳಗೆ ಕೆಲಸ ಮಾಡುವವರಿಗೆ ಇದು ದೊಡ್ಡ ಸುದ್ದಿ. ಅಲ್ಲಿಗೆ ಒಬ್ಬರ ಜವಾಬ್ದಾರಿ ಮುಗಿದು ಇನ್ನೊಬ್ಬರದು ಶುರುವಾಯಿತು. ಮನೆಯಲ್ಲಿ ಕಾಯುತ್ತಿರುವವರಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಅವರ ಪ್ರಶ್ನೆ ಚೀಲದ್ದಲ್ಲ. ಯಾವತ್ತು ಬರುತ್ತದೆ, ಅಂದು ಮನೆಯಲ್ಲಿ ಯಾರಾದರೂ ಇರಬೇಕೇ, ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬೇಕೇ, ಅಷ್ಟೇ.

ಅಂಚೆ ಇಲಾಖೆಯ ಮಟ್ಟಿಗೆ ಇದನ್ನು ಒಪ್ಪಬಹುದು, ಏಕೆಂದರೆ ಆ ಪುಟ ಮೂಲತಃ ಅವರದೇ ಕಡತದ ಕಿಟಕಿ. ಆದರೆ ಮನೆಯಿಂದಲೇ ಸರಕು ಮಾರುವವರೂ ತಮ್ಮ ಆರ್ಡರ್ ಪುಟದಲ್ಲಿ ಇದೇ ಬಗೆಯ ಮಾತುಗಳನ್ನು ಎತ್ತಿಟ್ಟುಕೊಳ್ಳುತ್ತಾರೆ. ಡೊಂಬಿವಲಿ ಪೂರ್ವದಲ್ಲಿ ಹಲಸಿನ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಥಾಣೆ, ಕಲ್ಯಾಣ್, ನವಿ ಮುಂಬಯಿಯ ಕನ್ನಡ ಮನೆಗಳಿಗೆ ಕಳಿಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಆರ್ಡರ್ ಮಾಡುವವರು ಮಗ ಅಥವಾ ಸೊಸೆ. ಅವರು ಬೆಳಗಿನ ಲೋಕಲ್ ಹಿಡಿದು ಹೋಗಿರುತ್ತಾರೆ. ಬಾಗಿಲು ತೆಗೆಯುವವರು ಊರಿನಿಂದ ಬಂದು ಜೊತೆಗಿರುವ ಅಮ್ಮ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬಾರದು. ಮಗ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕೊಂಡಿಯನ್ನು ಒತ್ತಿ ನೋಡುವವರು ಅವರೇ. ಪುಟದ ಮಾತುಗಳು ಅವರಿಗೆ ಅರ್ಥವಾಗಬೇಕು.

ಮೊದಲ ತೊಡಕು ‘ಕಳಿಸಲಾಗಿದೆ’ ಎಂಬಲ್ಲೇ ಇದೆ. ಇಂಗ್ಲಿಷ್ ಪುಟದ Shipped ಎಂಬುದಕ್ಕೆ ಅದು ನೇರ ಅನುವಾದ. ಬಹಳಷ್ಟು ಅಂಗಡಿ ತಂತ್ರಾಂಶಗಳಲ್ಲಿ ವಿಳಾಸದ ಚೀಟಿ ಮುದ್ರಿಸಿ ಕೊರಿಯರ್ ಸಂಖ್ಯೆ ನಮೂದಿಸಿದ ಕ್ಷಣವೇ ಆ ಮಾತು ಪರದೆಯ ಮೇಲೆ ಬಂದುಬಿಡುತ್ತದೆ. ಪೆಟ್ಟಿಗೆ ಆಗ ಇನ್ನೂ ಡೊಂಬಿವಲಿಯ ಹಜಾರದಲ್ಲೇ ಕುಳಿತಿರುತ್ತದೆ. ಶನಿವಾರ ಸಂಜೆ ಕೊರಿಯರ್ ಹುಡುಗ ಬಂದು ಹೋದ ಮೇಲೆ ಚೀಟಿ ಅಂಟಿಸಿದರೆ, ಅವನು ಮತ್ತೆ ಬರುವುದು ಸೋಮವಾರ ಸಂಜೆ. ಎರಡು ದಿನ ಪುಟ ‘ಕಳಿಸಲಾಗಿದೆ’ ಎನ್ನುತ್ತಿರುತ್ತದೆ, ಪೆಟ್ಟಿಗೆ ಅಲ್ಲಾಡಿರುವುದಿಲ್ಲ.

ಕನ್ನಡದ ‘-ಲಾಗಿದೆ’ ಎಂಬ ಪ್ರಯೋಗ ಇಂಥ ಸುಳ್ಳಿಗೆ ಬಹಳ ಅನುಕೂಲ. ಯಾರು ಮಾಡಿದರು ಎಂದು ಅದು ಹೇಳಬೇಕಿಲ್ಲ. ಸರ್ಕಾರಿ ಪತ್ರಗಳು ಅದನ್ನು ಅಷ್ಟೊಂದು ಪ್ರೀತಿಸುವುದೂ ಇದೇ ಕಾರಣಕ್ಕಿರಬೇಕು. ಪರಿಹಾರ ಕಷ್ಟದ್ದೇನಲ್ಲ, ಕರ್ತೃವನ್ನು ವಾಪಸು ತಂದರೆ ಸಾಕು. ‘ಪ್ಯಾಕ್ ಮಾಡಿದ್ದೇವೆ, ಕೊರಿಯರ್ ಬರುವುದನ್ನು ಕಾಯುತ್ತಿದ್ದೇವೆ’ ಒಂದು ಸ್ಥಿತಿ. ‘ಕೊರಿಯರ್‌ನವರು ಶನಿವಾರ ಸಂಜೆ 5ಕ್ಕೆ ಒಯ್ದರು’ ಇನ್ನೊಂದು. ಇಲ್ಲಿ ‘ನಾವು’ ಎಂದಿದ್ದರೆ ಪೆಟ್ಟಿಗೆ ಮಾರುವವರ ಕೈಯಲ್ಲಿದೆ, ‘ಕೊರಿಯರ್‌ನವರು’ ಎಂದಿದ್ದರೆ ಅವರ ಕೈಯಲ್ಲಿದೆ. ಓದಿದ ಕೂಡಲೇ ಯಾರಿಗೆ ಫೋನ್ ಮಾಡಬೇಕು ಎಂಬುದೂ ತಿಳಿಯುತ್ತದೆ. ಎರಡನೆಯ ಮಾತು ಪರದೆಗೆ ಬರಬೇಕಾದದ್ದು ಚೀಟಿ ಮುದ್ರಿಸಿದಾಗ ಅಲ್ಲ, ಕೊರಿಯರ್ ಪೆಟ್ಟಿಗೆಯನ್ನು ಮೊದಲ ಸಲ ಸ್ಕ್ಯಾನ್ ಮಾಡಿದಾಗ.

ಕೊನೆಯ ಸ್ಥಿತಿಗಳ ಪದಗಳಲ್ಲೂ ಇಂಥದೇ ಎಡವಟ್ಟುಗಳಿವೆ. ‘ವಿತರಿಸಲಾಗಿದೆ’ ಎಂದರೆ ಕರಪತ್ರವನ್ನೋ ಪಡಿತರವನ್ನೋ ಹಲವರಿಗೆ ಹಂಚಿದ ಹಾಗೆ. ‘ವಿಲೇವಾರಿ’ ಎಂದವರೂ ಇದ್ದಾರೆ, ಆದರೆ ಇವತ್ತಿನ ಕಿವಿಗೆ ಅದು ಕಸಕ್ಕೆ ಸೇರಿದ ಪದ. ಅಂಚೆಯಿಂದ ಬಂದ ‘ಬಟವಾಡೆ’ ಹಳಬರಿಗೆ ಗೊತ್ತು. ಮರಾಠಿಯಲ್ಲೂ ಟಪಾಲಿನ ಬಟವಡಾ ಇರುವುದರಿಂದ ಥಾಣೆ ಜಿಲ್ಲೆಯ ಕನ್ನಡಿಗರಿಗೆ ಅದು ಇನ್ನೂ ಹತ್ತಿರ. ಆದರೂ ‘ಇಂದು ನಿಮ್ಮ ಮನೆಗೆ ಬರುತ್ತದೆ’ ಎಂಬುದರ ಮುಂದೆ ‘ಬಟವಾಡೆಗೆ ಹೊರಟಿದೆ’ ಎಂಬುದೂ ಸಪ್ಪೆಯೇ. ಹೊರಟಿದ್ದು ಎಲ್ಲಿಂದ, ಬರುವುದು ಇವತ್ತೋ ನಾಳೆಯೋ ಎಂದು ಓದುವವರು ಮತ್ತೆ ಲೆಕ್ಕ ಹಾಕಬೇಕು.

ಈ ಭಾಗದಲ್ಲಿ ನಡುವಿನ ಸ್ಥಿತಿಗೆ ಒಂದು ವಿಶೇಷ ಗೊಂದಲವಿದೆ. ಡೊಂಬಿವಲಿಯಿಂದ ಕಲ್ಯಾಣ್‌ಗೆ ಲೋಕಲ್‌ನಲ್ಲಿ ಮಧ್ಯೆ ಇರುವುದು ಠಾಕುರ್ಲಿ ಒಂದೇ. ಪೆಟ್ಟಿಗೆ ಮಾತ್ರ ಆ ದಾರಿಯಲ್ಲಿ ಹೋಗಬೇಕೆಂದಿಲ್ಲ. ದೊಡ್ಡ ಗೋದಾಮುಗಳು ಭಿವಂಡಿಯ ಸುತ್ತ ಸೇರಿಕೊಂಡಿರುವುದರಿಂದ ಅದು ಅಲ್ಲಿಗೆ ಹೋಗಿ, ವಿಂಗಡಣೆಯಾಗಿ, ತಿರುಗಿ ಬರಬಹುದು. ಪಕ್ಕದೂರಿನಿಂದ ಬರಬೇಕಾದ ಹಪ್ಪಳ ಭಿವಂಡಿಯಲ್ಲಿದೆ ಎಂದು ಕಂಡರೆ, ದಾರಿ ತಪ್ಪಿತೆಂದು ಯಾರಾದರೂ ಗಾಬರಿಯಾಗುತ್ತಾರೆ. ‘ಭಿವಂಡಿಯ ಗೋದಾಮಿನಲ್ಲಿದೆ. ಕಲ್ಯಾಣ್‌ಗೆ ಹೋಗುವ ಪೆಟ್ಟಿಗೆಗಳು ಇಲ್ಲಿಂದಲೇ ಹೋಗುತ್ತವೆ’ ಎಂಬ ಎರಡನೇ ವಾಕ್ಯ ಒಂದು ಫೋನ್ ಕರೆಯನ್ನು ಉಳಿಸುತ್ತದೆ.

ಹಾಗಾಗಿ ತಲುಪುವ ದಿನವನ್ನು ನಕ್ಷೆಯ ದೂರ ನೋಡಿ ಹೇಳಲಾಗದು. ಪಿನ್ ಕೋಡ್ ನೋಡಿ ಹೇಳುವುದು ಮೇಲು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತವೆ, ಉಳಿದ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು. ಡೊಂಬಿವಲಿ ಪೂರ್ವ 421201, ಕಲ್ಯಾಣ್ 421301. ಥಾಣೆ 400601. ‘ನವಿ ಮುಂಬಯಿ’ ಎಂಬ ಒಂದೇ ಹೆಸರಿನ ಒಳಗೆ ವಾಶಿ 400703, ಖಾರ್ಘರ್ 410210. ವಿಳಾಸದಲ್ಲಿ ಊರಿನ ಹೆಸರು ನೋಡಿ ‘ನವಿ ಮುಂಬಯಿಗೆ ಎರಡು ದಿನ’ ಎಂದು ಬರೆದರೆ ಎರಡು ಬೇರೆ ಬೇರೆ ದಾರಿಗಳಿಗೆ ಒಂದೇ ಲೆಕ್ಕ ಹಾಕಿದ ಹಾಗೆ. ಹಳೆಯ ಆರ್ಡರ್‌ಗಳನ್ನು 400, 410, 421 ಎಂದು ಮೂರು ರಾಶಿ ಮಾಡಿಕೊಂಡರೆ ಈ ಮನೆಯ ವ್ಯಾಪಾರಕ್ಕೆ ಸಾಕು.

ಈಗ ಒಂದು ಲೆಕ್ಕ. ಅಂಕಿಗಳು ಉದಾಹರಣೆಗಾಗಿ. 410ರ ಕಡೆಗೆ ಹೋದ ಕೊನೆಯ 20 ಪೆಟ್ಟಿಗೆಗಳು ಕೊರಿಯರ್ ಒಯ್ದ ಮೇಲೆ ಎಷ್ಟು ಕೆಲಸದ ದಿನಗಳಲ್ಲಿ ತಲುಪಿದವು ಎಂದು ನೋಡಿದರೆ: 9 ಪೆಟ್ಟಿಗೆ ಒಂದು ದಿನದಲ್ಲಿ, 7 ಎರಡು ದಿನದಲ್ಲಿ, 3 ಮೂರು ದಿನದಲ್ಲಿ, ಒಂದು ಐದು ದಿನಕ್ಕೆ. ಸರಾಸರಿ ಎರಡು ದಿನಕ್ಕಿಂತ ಸ್ವಲ್ಪ ಕಡಿಮೆ. ಬಹಳ ಜನ ಇಲ್ಲಿಗೇ ನಿಂತು ಪುಟದಲ್ಲಿ ‘2 ದಿನ’ ಎಂದು ಹಾಕಿಬಿಡುತ್ತಾರೆ. ಆದರೆ ಎರಡು ದಿನದಲ್ಲಿ ತಲುಪಿದ್ದು 16 ಮಾತ್ರ. ಐದರಲ್ಲಿ ಒಬ್ಬರಿಗೆ ಮಾತು ತಪ್ಪಿದಂತಾಯಿತು. ಮೂರು ದಿನ ಎಂದರೆ 19 ಜನರಿಗೆ ಮಾತು ಉಳಿಯುತ್ತದೆ, ಅವರಲ್ಲಿ 16 ಜನರಿಗೆ ಹೇಳಿದ್ದಕ್ಕಿಂತ ಮೊದಲೇ ಬರುತ್ತದೆ. ಐದು ದಿನಕ್ಕೆ ಬಂದ ಆ ಒಂದು ಪೆಟ್ಟಿಗೆಗಾಗಿ ಎಲ್ಲರಿಗೂ ಐದು ದಿನ ಎನ್ನುವುದೂ ಸರಿಯಲ್ಲ, ಹಾಗೆಂದರೆ ಯಾರೂ ಕೊಳ್ಳುವುದಿಲ್ಲ. ಹೇಳಬೇಕಾದ ಸಂಖ್ಯೆ ಮೂರು.

2025ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 27, ಬುಧವಾರ. ಖಾರ್ಘರ್‌ನ ಒಬ್ಬರು 22ರ ಶುಕ್ರವಾರ ರಾತ್ರಿ 9ಕ್ಕೆ ಹಬ್ಬಕ್ಕೆಂದು ಹಪ್ಪಳ ಆರ್ಡರ್ ಮಾಡುತ್ತಾರೆ ಎಂದುಕೊಳ್ಳಿ. ಅಂದಿನ ಕೊರಿಯರ್ ಸಂಜೆ 5ಕ್ಕೇ ಬಂದು ಹೋಗಿದೆ. ಶನಿವಾರ ಬೆಳಿಗ್ಗೆ ಪ್ಯಾಕ್, ಸಂಜೆ ಕೊರಿಯರ್. ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಹಬ್ಬದ ರಜೆ, ಮೂರನೆಯದು ಗುರುವಾರ 28. ಸರಾಸರಿಯನ್ನು ನಂಬಿದ ಪುಟ ‘ಮಂಗಳವಾರ’ ಎನ್ನುತ್ತದೆ. ಹಿಂದಿನ ಲೆಕ್ಕವೇ ಹಬ್ಬದ ವಾರಕ್ಕೂ ನಿಂತರೂ, ಹಾಗೆ ಕೊಂಡ 20 ಜನರಲ್ಲಿ ನಾಲ್ವರಿಗೆ ಹಬ್ಬದ ಊಟಕ್ಕೆ ಹಪ್ಪಳ ಇರುವುದಿಲ್ಲ. ಸರಿಯಾದ ಪುಟ ಹಣ ಕಟ್ಟುವ ಮೊದಲೇ ಹೇಳಬೇಕು: ‘ಗುರುವಾರ, ಆಗಸ್ಟ್ 28ರ ರಾತ್ರಿ 8ರೊಳಗೆ ತಲುಪುತ್ತದೆ. ಚೌತಿಗೆ ಮೊದಲು ಬರುವ ಖಾತ್ರಿ ಇಲ್ಲ.’ ಇದನ್ನು ಓದಿ ಅವರು ಖಾರ್ಘರ್‌ನಲ್ಲೇ ಎಲ್ಲಾದರೂ ಕೊಂಡಾರು. ಒಂದು ವ್ಯಾಪಾರ ಹೋಯಿತು, ನಿಜ. ಇದೇ ಆರ್ಡರ್ ಶುಕ್ರವಾರ ಮಧ್ಯಾಹ್ನ ಬಂದು ಅಂದೇ ಸಂಜೆ ಕೊರಿಯರ್ ಒಯ್ದಿದ್ದರೆ ಮೂರನೇ ದಿನ ಮಂಗಳವಾರವೇ ಆಗುತ್ತಿತ್ತು. ಆದ್ದರಿಂದ ‘ಮಧ್ಯಾಹ್ನ 3ರೊಳಗೆ ಆರ್ಡರ್ ಮಾಡಿದರೆ’ ಎಂಬ ಗಡುವು ದಿನಾಂಕದ ಪಕ್ಕದಲ್ಲೇ ಇರಬೇಕು, ಪುಟದ ಬುಡದ ಸಣ್ಣ ಅಕ್ಷರದಲ್ಲಲ್ಲ.

ಗಂಟೆಯನ್ನು ಸೇರಿಸಿದ್ದಕ್ಕೆ ಕಾರಣವಿದೆ. ‘ಗುರುವಾರದೊಳಗೆ’ ಎಂದರೆ ಗುರುವಾರವೂ ಸೇರಿತೋ ಇಲ್ಲವೋ ಎಂಬುದು ಕನ್ನಡದಲ್ಲಿ ತೀರ್ಮಾನವಾಗಿಲ್ಲ. ಕೆಲವರು ಗುರುವಾರ ಮುಗಿಯುವುದರೊಳಗೆ ಎಂದುಕೊಳ್ಳುತ್ತಾರೆ, ಕೆಲವರು ಗುರುವಾರ ಬರುವುದರೊಳಗೆ. ರಾತ್ರಿ 8 ಎಂದು ಬರೆದರೆ ಜಗಳ ಮುಗಿಯಿತು. ‘ನಾಳೆ’ ಎಂಬುದನ್ನಂತೂ ಸಂದೇಶದಲ್ಲಿ ಬಳಸಲೇಬಾರದು. ಸೋಮವಾರ ಕಳಿಸಿದ ‘ನಾಳೆ’ಯನ್ನು ಅಮ್ಮ ಮಂಗಳವಾರ ಓದಿದರೆ ಅದು ಬುಧವಾರವಾಗಿಬಿಡುತ್ತದೆ.

ದಿನ ತಪ್ಪುವುದು ಉಂಟು. ಜುಲೈನಲ್ಲಿ ಜೋರು ಮಳೆಗೆ ರಸ್ತೆ ರೈಲು ಎರಡೂ ನಿಂತರೆ ಯಾವ ಲೆಕ್ಕವೂ ಉಳಿಯುವುದಿಲ್ಲ. ಆಗ ಪುಟ ಸದ್ದಿಲ್ಲದೆ ಹಳೆಯ ದಿನಾಂಕ ಅಳಿಸಿ ಹೊಸದನ್ನು ಬರೆಯುವುದು ಮಹಾ ಕೆಟ್ಟ ಅಭ್ಯಾಸ. ನೋಡುವವರಿಗೆ ತಮ್ಮ ನೆನಪಿನ ಮೇಲೆಯೇ ಅನುಮಾನ ಬರುತ್ತದೆ. ‘ಗುರುವಾರ ಎಂದಿದ್ದೆವು. ಮಳೆಯಿಂದ ಭಿವಂಡಿಯಲ್ಲಿ ನಿಂತಿದೆ. ಈಗ ಶನಿವಾರ ರಾತ್ರಿ 8ರೊಳಗೆ’ ಎಂದು ಎರಡೂ ದಿನ ಕಾಣುವಂತೆ ಇರಲಿ, ಅದೂ ಗುರುವಾರ ದಾಟುವ ಮೊದಲು. ಕಾರಣ ಗೊತ್ತಿಲ್ಲದಿದ್ದರೆ ಕಾರಣ ಹುಟ್ಟಿಸಬಾರದು. ‘ಶನಿವಾರ ಸಂಜೆಯ ನಂತರ ಕೊರಿಯರ್‌ನಿಂದ ಸುದ್ದಿ ಬಂದಿಲ್ಲ, ನಾವು ವಿಚಾರಿಸುತ್ತಿದ್ದೇವೆ’ ಎಂಬುದು ಒಳ್ಳೆಯ ಸ್ಥಿತಿಯೇ, ನಿಜವಾಗಿಯೂ ವಿಚಾರಿಸುತ್ತಿದ್ದರೆ.

ಇನ್ನು ಬಾಗಿಲು. ‘ಪ್ರಯತ್ನ ವಿಫಲ’ ಎಂಬ ಮಾತು ಬೈಗುಳದ ಹಾಗೆ ಕೇಳಿಸುತ್ತದೆ, ಮುಂದೇನು ಎಂದೂ ಹೇಳುವುದಿಲ್ಲ. ‘ಮಧ್ಯಾಹ್ನ 12:40ಕ್ಕೆ ಬಂದಿದ್ದರು, ಬಾಗಿಲು ಹಾಕಿತ್ತು. ನಾಳೆ’ – ಅಲ್ಲ, ‘ಶುಕ್ರವಾರ, 29ರಂದು ಮತ್ತೆ ಬರುತ್ತಾರೆ. 640 ರೂಪಾಯಿ ಕೊಡಬೇಕು’ ಎಂದರೆ ಅಮ್ಮ ದುಡ್ಡು ಎತ್ತಿಟ್ಟುಕೊಂಡು ದೇವಸ್ಥಾನಕ್ಕೆ ಯಾವಾಗ ಹೋಗುವುದೆಂದು ನಿರ್ಧರಿಸಬಹುದು. ಸಮಯ ಬರೆಯುವುದರಿಂದ ಇನ್ನೊಂದು ಲಾಭವೂ ಇದೆ. ಆ ಹೊತ್ತಿಗೆ ಅಮ್ಮ ಮನೆಯಲ್ಲೇ ಇದ್ದರೆ, ಹುಡುಗ ಬಂದೇ ಇಲ್ಲ ಎಂಬುದು ಹೊರಬೀಳುತ್ತದೆ.

‘ತಲುಪಿದೆ’ ಎಂಬುದಕ್ಕೂ ಯಾರ ಕೈಗೆ ಎಂದು ಸೇರಬೇಕು. ಹೌಸಿಂಗ್ ಸೊಸೈಟಿಗಳಲ್ಲಿ ಪೆಟ್ಟಿಗೆ ಗೇಟಿನ ವಾಚ್‌ಮನ್ ಕೋಣೆಯಲ್ಲಿ ಉಳಿಯುವುದು ಸಾಮಾನ್ಯ. ಕೊರಿಯರ್‌ಗೆ ಅಲ್ಲಿಗೆ ಕೆಲಸ ಮುಗಿಯಿತು, ಮನೆಯವರಿಗೆ ಇನ್ನೂ ಬಂದಿಲ್ಲ. ‘ಗೇಟಿನಲ್ಲಿ ವಾಚ್‌ಮನ್ ಕೈಗೆ ಕೊಟ್ಟರು, ಸಂಜೆ 4:15’ ಎಂದರೆ ಹುಡುಕಾಟ ಒಂದು ಮಹಡಿ ಇಳಿಯುವಷ್ಟಕ್ಕೆ ಮುಗಿಯುತ್ತದೆ.

ಪುಟ ಸರಿಯಾಗಿದೆಯೇ ಎಂದು ತಿಳಿಯಲು ಒಂದು ನೋಟ್‌ಬುಕ್ ಸಾಕು. ‘ನಮ್ಮ ಪಾರ್ಸೆಲ್ ಎಲ್ಲಿದೆ’ ಎಂಬ ಸಂದೇಶ ಬಂದಾಗಲೆಲ್ಲ ಆ ಹೊತ್ತಿನಲ್ಲಿ ಪುಟದ ಮೇಲೆ ಯಾವ ವಾಕ್ಯ ಇತ್ತು ಎಂದು ಪಕ್ಕದಲ್ಲಿ ಬರೆದಿಡುವುದು. ತಿಂಗಳ ಕೊನೆಗೆ ಬಹುಪಾಲು ಸಂದೇಶಗಳು ಒಂದೆರಡು ವಾಕ್ಯಗಳ ಕೆಳಗೇ ಗುಂಪುಗೂಡಿರುತ್ತವೆ. ತಿದ್ದಬೇಕಾದದ್ದು ಆ ವಾಕ್ಯಗಳನ್ನು.