ಅಜ್ಜನ ಐದು ಡಬ್ಬಿ

ಅಜ್ಜನಿಗೆ ನಡೆಯುವಾಗ ತಲೆ ತಿರುಗುತ್ತಿರಲಿಲ್ಲ, ಎದ್ದು ನಿಂತಾಗ ಮಾತ್ರ ತಿರುಗುತ್ತಿತ್ತು. ಈ ವ್ಯತ್ಯಾಸವನ್ನು ಮೊದಲು ಕಂಡವರು ಅವರ ಮಗನೂ ಅಲ್ಲ, ಔಷಧದಂಗಡಿಯಲ್ಲಿ ಕೆಲಸ ಮಾಡುವ ನಾನೂ ಅಲ್ಲ, ಪುಣೆಯ ನಮ್ಮ ಕಟ್ಟಡದ ನೆಲಮಹಡಿಯ ಮರಾಠಿ ಕಾಕು. ದಿನಾ ಸಂಜೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂರುವ ಅವರಿಗೆ ಎದುರಿನ ಕಲ್ಲುಬೆಂಚು ನೇರ ಕಾಣುತ್ತದೆ. "ಅಜೋಬಾ ಉಠಲೇ ಕೀ ಡೋಲತಾತ" ಎಂದರು ಒಂದು ದಿನ. ಎದ್ದ ತಕ್ಷಣ ಕಂಬ ಹಿಡಿಯುತ್ತಾರೆ, ಕಣ್ಣು ಮುಚ್ಚುತ್ತಾರೆ, ಹತ್ತೆಣಿಸುವಷ್ಟರಲ್ಲಿ ಸರಿಯಾಗಿ ನಡೆದು ಹೋಗುತ್ತಾರೆ. ಕನ್ನಡದವಳು ನೀನು, ಕೇಳು ಎಂದು ನನ್ನನ್ನು ಕಳಿಸಿದರು.

ಗದಗಿನ ಕಡೆಯ ಎಪ್ಪತ್ತೆಂಟರ ಅಜ್ಜ, "ಏನಿಲ್ಲ ಬಿಡವಾ, ವಯಸ್ಸಾತು" ಅಂದುಬಿಟ್ಟರು. ಔಷಧ ಏನು ತಗೋತೀರಿ ಅಂದರೆ ಬೆಳಗಿನ ಒಂದು ಬಿಪಿ ಗುಳಿಗೆ, ಅಮ್ಲೋಡಿಪಿನ್ 5 ಮಿಲಿಗ್ರಾಂ. ಅಷ್ಟೇ. ಡಾಕ್ಟರಿಗೂ ಅವರು ಹೇಳಿದ್ದು ಅಷ್ಟೇ. ನಾನು ಪ್ರಶ್ನೆ ಬದಲಿಸಿದೆ: "ಅಜ್ಜಾರ, ಮತ್ತೇನು ಕುಡೀತೀರಿ, ನುಂಗ್ತೀರಿ?" ಆಗ ಕಪಾಟು ತೆರೆಯಿತು.

ಶುಗರ್ ಬರಬಾರದೆಂದು ಊರಿನ ಗೆಳೆಯ ಕೊಟ್ಟ ಮಧುನಾಶಿನಿ ಪುಡಿ. ಹೃದಯಕ್ಕೆಂದು ಬೆಳಗಿನ ವಾಕಿಂಗ್ ಸಂಗಾತಿ ಹೇಳಿದ ಹೊಳೆಮತ್ತಿ ಚಕ್ಕೆಯ ಕಷಾಯ. ಟಿವಿ ನೋಡಿ ತರಿಸಿದ "ಬಿಪಿ ಗುಳಿಗೆ". ಹುಬ್ಬಳ್ಳಿಯ ಮಗಳು ಕಳಿಸಿದ ಅಶ್ವಗಂಧ, ರಾತ್ರಿ ಹಾಲಿನಲ್ಲಿ. ಮಲಬದ್ಧತೆಗೆ, ಅದೂ ರಾತ್ರಿಯೇ, ಸೋನಾಮುಖಿ ಚೂರ್ಣ. ಐದನ್ನೂ ಐವರು ಕೊಟ್ಟವರು, ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಅಜ್ಜನ ಲೆಕ್ಕದಲ್ಲಿ ಇವು ಔಷಧವೇ ಅಲ್ಲ, ಬೇರು-ತೊಪ್ಪಲು.

ಟಿವಿಯ ಗುಳಿಗೆ ಡಬ್ಬಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಸರ್ಪಗಂಧ ಎಂದಿತ್ತು. ನನ್ನ ಕಣ್ಣು ಅಲ್ಲೇ ನಿಂತಿತು. ಸರ್ಪಗಂಧ ನಿಜಕ್ಕೂ ಬಿಪಿ ಇಳಿಸುತ್ತದೆ. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಲ್ ವಕೀಲ್ ಇದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತು ಆ ಬೇರಿನತ್ತ ತಿರುಗಿತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಹಾಗಾಗಿ ಅಜ್ಜ ತಿನ್ನುತ್ತಿದ್ದದ್ದು ಒಂದಲ್ಲ, ಎರಡು ಬಿಪಿ ಔಷಧ.

ನಾವು ಎದ್ದಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಕೂಡಲೇ ನರಗಳು ರಕ್ತನಾಳಗಳಿಗೆ "ಬಿಗಿಯಾಗು" ಎಂದು ಸೂಚಿಸುತ್ತವೆ. ಅದಕ್ಕೆ ನರತುದಿಗಳಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ದಾಸ್ತಾನಿರಬೇಕು. ರಿಸರ್ಪಿನ್ ಖಾಲಿ ಮಾಡುವುದು ಆ ದಾಸ್ತಾನನ್ನೇ. ಅಮ್ಲೋಡಿಪಿನ್ ನಾಳಗಳನ್ನು ಸಡಿಲಿಸಿಟ್ಟಿರುತ್ತದೆ. ದಿನಾ ಸೋನಾಮುಖಿ ತಿಂದು ಭೇದಿಯಾದರೆ ಮೈಯ ನೀರೂ, ಪೊಟ್ಯಾಸಿಯಂ ಕೂಡ ಹೋಗುತ್ತದೆ. ಹೊಳೆಮತ್ತಿ, ಅಶ್ವಗಂಧ ಎರಡೂ ಬಿಪಿಯನ್ನು ತುಸು ಇಳಿಸಬಲ್ಲವು. ಅಶ್ವಗಂಧ ಕೆಲವರಿಗೆ ಮಂಪರನ್ನೂ ತರುತ್ತದೆ. ಒಂದೊಂದೇ ಆಗಿದ್ದರೆ ಅಜ್ಜ ತಡೆದುಕೊಳ್ಳುತ್ತಿದ್ದರೇನೋ.

ಕಾಕುವಿನ ಮನೆಯಲ್ಲಿ ಬಿಪಿ ಯಂತ್ರವಿತ್ತು. ಅಜ್ಜನನ್ನು ಐದು ನಿಮಿಷ ಮಲಗಿಸಿ ನೋಡಿದೆವು: 136/78. ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷಕ್ಕೆ 106/66. ಮೂರು ನಿಮಿಷಕ್ಕೆ 110/68. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇಳಿತ. ಕ್ಲಿನಿಕ್ಕಿನಲ್ಲಿ ಕೂರಿಸಿ ಮಾತ್ರ ನೋಡುತ್ತಿದ್ದುದರಿಂದ ಪ್ರತಿಸಲವೂ "ಚೆನ್ನಾಗಿದೆ" ಅನ್ನಿಸಿಕೊಂಡು ಬಂದಿದ್ದರು. ಮಧುನಾಶಿನಿಯಿಂದ ಸಕ್ಕರೆ ಇಳಿದಿದೆಯೇ ಎಂದೂ ಪರೀಕ್ಷಿಸಿದೆವು, 104 ಇತ್ತು. ಅದು ಕಾರಣವಲ್ಲ, ಕನಿಷ್ಠ ಆ ಹೊತ್ತಿಗೆ. ನನಗೆ ಹೆದರಿಕೆಯಾದದ್ದು ಹಗಲಿನ ಬಗ್ಗೆ ಅಲ್ಲ. ರಾತ್ರಿ ಎರಡು ಸಲ ಅವರು ಬಚ್ಚಲಿಗೆ ಏಳುತ್ತಾರೆ, ಕತ್ತಲಲ್ಲಿ. ಅಲ್ಲಿ ಹಿಡಿಯಲು ಕಂಬವಿಲ್ಲ.

ಯಾವುದನ್ನೂ ನಾನಾಗಿ ನಿಲ್ಲಿಸಲಿಲ್ಲ. ಅಮ್ಲೋಡಿಪಿನ್ ಥಟ್ಟನೆ ಬಿಟ್ಟರೆ ಬಿಪಿ ಏರುತ್ತದೆ. ಐದೂ ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿ, ಅಂಕಿಗಳನ್ನು ಚೀಟಿಯಲ್ಲಿ ಬರೆದು ಮಗನ ಕೈಗೆ ಕೊಟ್ಟೆ. ಮರುದಿನ ಡಾಕ್ಟರು ಸರ್ಪಗಂಧ, ಸೋನಾಮುಖಿ ಎರಡನ್ನೂ ಬಿಡಿಸಿದರು, ಉಳಿದ ಮೂರನ್ನು ಸದ್ಯಕ್ಕೆ ನಿಲ್ಲಿಸಿದರು, ಅಮ್ಲೋಡಿಪಿನ್ ಮುಂದುವರಿಸಿ ರಕ್ತದಲ್ಲಿ ಪೊಟ್ಯಾಸಿಯಂ ನೋಡಲು ಬರೆದರು. ಅದು ಸ್ವಲ್ಪ ಕಡಿಮೆಯೇ ಇತ್ತು.

ತಲೆಸುತ್ತು ಮರುದಿನವೇ ಹೋಗಲಿಲ್ಲ. ಅಜ್ಜ ಸಿಟ್ಟಾದರು, "ಬಿಟ್ಟ ಮ್ಯಾಲೂ ತಿರಗತೈತಿ, ಸುಮ್ನ ಬಿಡಿಸಿದ್ರಿ" ಅಂದರು. ರಿಸರ್ಪಿನ್ ಖಾಲಿ ಮಾಡಿದ ದಾಸ್ತಾನು ತುಂಬಲು ದಿನಗಳಲ್ಲ, ವಾರಗಳೇ ಬೇಕಾಗಬಹುದು ಎಂದು ಹೇಳಿದೆ. ಅಷ್ಟರವರೆಗೆ ಹಾಸಿಗೆಯ ಅಂಚಿನಲ್ಲಿ ಕೂತು, ಕಾಲಾಡಿಸಿ, ಆಮೇಲೆ ಏಳುವುದು; ಬಚ್ಚಲ ದಾರಿಯಲ್ಲಿ ಸಣ್ಣ ದೀಪ. ನಾಲ್ಕನೇ ವಾರ ಮಲಗಿದಾಗ 138, ನಿಂತಾಗ 128. ಐದರಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಲು ಬರುವುದಿಲ್ಲ, ಎಲ್ಲವೂ ಒಟ್ಟಿಗೆ ನಿಂತವಲ್ಲ.

ಮಗಳು ದೀಪಾವಳಿಗೆ ಬರುತ್ತಾಳಂತೆ. ಅಶ್ವಗಂಧದ ಡಬ್ಬಿಯನ್ನು ಅಜ್ಜ ಎಸೆದಿಲ್ಲ. ಅವಳಿಗೆ ಬೇಜಾರಾಗಬಾರದೆಂದು ಅರ್ಧದಷ್ಟು ಪುಡಿ ತುಳಸಿ ಗಿಡದ ಬುಡಕ್ಕೆ ಸುರಿದಿದ್ದಾರೆ.